ಪ್ರತಿ ಸಲ 4 ಬರುವ ಉತ್ತರ

ಹೈಡ್ರೋಜನ್ ಮತ್ತು ಅಯೋಡಿನ್ ಸೇರಿ ಹೈಡ್ರೋಜನ್ ಅಯೋಡೈಡ್ ಆಗುವ ಲೆಕ್ಕ ಕೊಟ್ಟಾಗಲೆಲ್ಲ ಪಿಯುಸಿ ಉತ್ತರಪತ್ರಿಕೆಗಳಲ್ಲಿ ಒಂದು ಉತ್ತರ ತಪ್ಪದೇ ಕಾಣಿಸುತ್ತದೆ: ಸಮತೋಲನ ಸ್ಥಿರಾಂಕ Kc = 4. ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆ ಯಾವುದೇ ಇರಲಿ, ತಾಪ ಎಷ್ಟೇ ಇರಲಿ, ಈ ಮಕ್ಕಳಿಗೆ 4 ಬರುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಇದನ್ನೇ ಸಾಕ್ಷಿಯಾಗಿ ತಂದಳು. "ಸರ್, ಎರಡು ಲೆಕ್ಕದಲ್ಲೂ 4 ಬಂತು. ಸ್ಥಿರಾಂಕ ಅಂದ್ಮೇಲೆ ಒಂದೇ ಬರಬೇಕಲ್ವಾ?" ಅಂದಳು. "ಎರಡರಲ್ಲೂ ತಾಪ ಬೇರೆ ಬೇರೆ ಇತ್ತಲ್ಲಮ್ಮ?" ಅಂದಾಗ ಸುಮ್ಮನಾದಳು. ಜಾಣೆ, ಕೇಳಿದ ಪ್ರಶ್ನೆಯೂ ಒಳ್ಳೆಯದೇ. ಅವಳ ಲೆಕ್ಕಗಳಲ್ಲಿ ಸ್ಥಿರವಾಗಿದ್ದದ್ದು ಸಮತೋಲನವಲ್ಲ, ಅವಳ ತಪ್ಪು.

ಆ ತಪ್ಪು ಎಲ್ಲಿದೆ ಅಂತ ಒಂದು ಲೆಕ್ಕ ಮಾಡಿಯೇ ನೋಡೋಣ. ಮುಚ್ಚಿದ ಪಾತ್ರೆಯಲ್ಲಿ ಲೀಟರಿಗೆ 0.0100 ಮೋಲ್ ಹೈಡ್ರೋಜನ್, 0.0150 ಮೋಲ್ ಅಯೋಡಿನ್ ಇಟ್ಟಿದ್ದೇವೆ. ತಾಪ 448 ಡಿಗ್ರಿ ಸೆಲ್ಸಿಯಸ್, ಅಂದರೆ ಎಲ್ಲವೂ ಅನಿಲ. ಸಮತೋಲನ ಬಂದ ಮೇಲೆ ಅಳೆದರೆ ಹೈಡ್ರೋಜನ್ ಅಯೋಡೈಡ್ ಲೀಟರಿಗೆ 0.0179 ಮೋಲ್ ಇದೆ. Kc ಎಷ್ಟು?

```
            H₂          I₂          2HI
ಆರಂಭ       0.0100      0.0150      0
ಬದಲಾವಣೆ    −x          −x          +2x
ಸಮತೋಲನ    0.0100−x    0.0150−x    2x
```

ಕೊನೆಯ ಸಾಲಿನಲ್ಲಿ 2x = 0.0179. ಹಾಗಾದರೆ x = 0.00895. ಹೈಡ್ರೋಜನ್ ಉಳಿದದ್ದು 0.0100 − 0.00895 = 0.00105. ಅಯೋಡಿನ್ ಉಳಿದದ್ದು 0.0150 − 0.00895 = 0.00605. ಈಗ HI ಸಾರತೆಯ ವರ್ಗವನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ Kc ಸುಮಾರು 50.4 ಬರುತ್ತದೆ. ಈ ತಾಪಕ್ಕೆ ಪುಸ್ತಕಗಳು ಕೊಡುವ ಬೆಲೆಯೂ 50ರ ಆಸುಪಾಸಿನಲ್ಲೇ ಇದೆ.

ನಮ್ಮ ಹುಡುಗಿ ಮಾಡಿದ್ದೇನು? ಸಮೀಕರಣದಲ್ಲಿ 1 : 1 : 2 ಇದೆ ಅಂತ ನೋಡಿದಳು. HI 0.0179 ಇದೆ, ಹಾಗಾದರೆ ಹೈಡ್ರೋಜನ್ ಅದರರ್ಧ, 0.00895. ಅಯೋಡಿನ್ನೂ ಅಷ್ಟೇ. ಇದನ್ನೇ ತಗೊಂಡು ಸಮತೋಲನದ ಸಾಲಿನಲ್ಲಿ ಬರೆದುಬಿಟ್ಟಳು. ಆಗ Kc ಅಂದರೆ (2x)² ಭಾಗಿಸು x·x. x ಪೂರ್ತಿ ಹೊಡೆದುಹೋಗಿ 4 ಉಳಿಯುತ್ತದೆ. ಪ್ರಯೋಗದಲ್ಲಿ ಅಳೆದ ಸಂಖ್ಯೆಗೆ ಉತ್ತರದಲ್ಲಿ ಜಾಗವೇ ಇಲ್ಲ. ಆರಂಭದ ಸಾರತೆಗಳನ್ನಂತೂ ಯಾರೂ ಮುಟ್ಟಲೇ ಇಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನ್ನಿಸುವುದಿಲ್ಲ: ಸಮೀಕರಣದ ಗುಣಾಂಕಗಳು ಆಳುವುದು ಮಧ್ಯದ ಸಾಲನ್ನು ಮಾತ್ರ. ಎಷ್ಟು ಖರ್ಚಾಯಿತು, ಎಷ್ಟು ಹುಟ್ಟಿತು ಅನ್ನುವುದರ ಅನುಪಾತ ಅದು. ಎಷ್ಟು ಉಳಿಯಿತು ಅನ್ನುವುದರದ್ದಲ್ಲ. ಅಣ್ಣ 100 ರೂಪಾಯಿ, ತಮ್ಮ 150 ರೂಪಾಯಿ ಹಿಡಿದು ಹೋಟೆಲಿಗೆ ಹೋಗಿ ಬಿಲ್ಲಿಗೆ ಸಮಸಮ 90 ಹಾಕಿದರು ಅಂದುಕೊಳ್ಳಿ. ಖರ್ಚು ಸಮ. ಜೇಬಿನಲ್ಲಿ ಉಳಿದದ್ದು ಒಬ್ಬನಿಗೆ 10, ಇನ್ನೊಬ್ಬನಿಗೆ 60.

ಈ ಗೊಂದಲಕ್ಕೆ ಮಕ್ಕಳನ್ನು ಮಾತ್ರ ದೂರಿದರೆ ತಪ್ಪಾಗುತ್ತದೆ. ಕೆಲವು ಸಲ ಕೊನೆಯ ಸಾಲಿನಲ್ಲೂ ಅನುಪಾತ ಸರಿಯಾಗಿಯೇ ಕಾಣಿಸುತ್ತದೆ. ಅದೇ ತಾಪದಲ್ಲಿ ಬರೀ HI ಇಟ್ಟು ಶುರು ಮಾಡಿ, ಲೀಟರಿಗೆ 0.0200 ಮೋಲ್. ಅದು ಒಡೆದು ಹೈಡ್ರೋಜನ್, ಅಯೋಡಿನ್ ತಲಾ 0.0022 ಆಗುತ್ತದೆ, HI 0.0156 ಉಳಿಯುತ್ತದೆ. ಹೈಡ್ರೋಜನ್ ಮತ್ತು ಅಯೋಡಿನ್ ಸಮ ಬಂದದ್ದು ಯಾಕೆ? ಎರಡೂ ಸೊನ್ನೆಯಿಂದ ಶುರುವಾದವು, ಆದ್ದರಿಂದ ಬದಲಾವಣೆಯೇ ಉಳಿಕೆ. HIಗೆ ಆ ಸೌಲಭ್ಯ ಇಲ್ಲ, ಅದು 0.0044 ಕಳೆದುಕೊಂಡಿದೆ. ತರಗತಿಯಲ್ಲಿ ಸೊನ್ನೆಯಿಂದ ಶುರುವಾಗುವ ಲೆಕ್ಕಗಳನ್ನೇ ಜಾಸ್ತಿ ಮಾಡಿಸಿದರೆ ಮಕ್ಕಳ ಕಣ್ಣಿಗೆ ಸಾಲುಗಳ ವ್ಯತ್ಯಾಸ ಬೀಳುವುದೇ ಇಲ್ಲ. ಅದಕ್ಕೇ ನಾನು ಮೊದಲ ಲೆಕ್ಕವನ್ನು ಯಾವಾಗಲೂ ಅಸಮ ಆರಂಭದ ಸಾರತೆಗಳಿಂದ ಶುರು ಮಾಡುತ್ತೇನೆ. ಅಂದ ಹಾಗೆ, ಈ ಎರಡನೇ ಲೆಕ್ಕದ Kc ಅನ್ನು ಮೊದಲ ಕ್ರಿಯೆಯ ದಿಕ್ಕಿನಲ್ಲೇ ಬರೆದು ನೋಡಿ. 0.0156ರ ವರ್ಗ ಭಾಗಿಸು 0.0022ರ ವರ್ಗ, ಸುಮಾರು 50.3. ಯಾವ ಕಡೆಯಿಂದ ಹೊರಟರೂ ಅಲ್ಲಿಗೇ ಬಂದೆವು. ನಿಜವಾಗಿಯೂ ಸಮತೋಲನ ಬಂದಿದೆಯೋ, ಕ್ರಿಯೆ ಇನ್ನೂ ನಡೆಯುತ್ತಿದೆಯೋ ಅಂತ ತಿಳಿಯಲು ಇದು ಒಳ್ಳೆಯ ಪರೀಕ್ಷೆ.

ಇನ್ನೊಂದು ತಪ್ಪು ಇಷ್ಟು ಕಾಡುವುದಿಲ್ಲ, ಯಾಕೆಂದರೆ ತಾನೇ ಸಿಕ್ಕಿಬೀಳುತ್ತದೆ. HI ಕೆಳಗೆ +2x ಬದಲು +x ಬರೆದರೆ x = 0.0179 ಆಗಿ, ಹೈಡ್ರೋಜನ್ −0.0079 ಬರುತ್ತದೆ. ಋಣ ಸಾರತೆ ಅನ್ನುವುದು ಇಲ್ಲ. ಆದರೆ ಎಚ್ಚರ, ಆರಂಭದ ಅನಿಲ ಧಾರಾಳವಾಗಿದ್ದರೆ ಇದೇ ತಪ್ಪಿಗೆ ಋಣ ಚಿಹ್ನೆ ಬರದೆ ಉತ್ತರ ಸರಿಯಿರುವಂತೆ ಕಾಣಬಹುದು.

ಇನ್ನು ದುಂಡು ಮಾಡುವ ಅಭ್ಯಾಸ. HI 0.0179 ಇದ್ದದ್ದನ್ನು "ಸುಮ್ನೆ 0.018 ತಗೊಂಡೆ ಸರ್" ಅನ್ನುತ್ತಾರೆ. ಅಷ್ಟಕ್ಕೇ x = 0.0090, ಹೈಡ್ರೋಜನ್ 0.0010, ಅಯೋಡಿನ್ 0.0060 ಆಗಿ Kc 54ಕ್ಕೆ ಏರುತ್ತದೆ. HIಯಲ್ಲಿ ಆದ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ, Kcಯಲ್ಲಿ ಶೇಕಡಾ ಏಳರಷ್ಟು. ಉಳಿದ ಹೈಡ್ರೋಜನ್ ಎರಡು ಹತ್ತಿರದ ಸಂಖ್ಯೆಗಳ ವ್ಯತ್ಯಾಸ. 0.0100ರಿಂದ 0.00895 ಕಳೆದಾಗ ಮೇಲಿನ ಚಿಕ್ಕ ತಪ್ಪೆಲ್ಲ ಆ ಪುಟ್ಟ ಉಳಿಕೆಯ ಮೇಲೆ ಬೀಳುತ್ತದೆ.

ಹಾಗಾಗಿ ಯಾವುದನ್ನು ಅಳೆಯುತ್ತೀರಿ ಅನ್ನುವುದೂ ಮುಖ್ಯ. 1890ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಬೋಡೆನ್‌ಸ್ಟೈನ್ ಇದೇ ಕ್ರಿಯೆಯನ್ನು ಎರಡೂ ದಿಕ್ಕಿನಿಂದ ಅಧ್ಯಯನ ಮಾಡಿದರು. ಮುಚ್ಚಿ ಬೆಸೆದ ಗಾಜಿನ ಬಲ್ಬುಗಳನ್ನು ಕಾಯಿಸಿ, ಬೇಗ ತಣ್ಣಗಾಗಿಸಿ, ಕ್ಷಾರದ ದ್ರಾವಣದೊಳಗೆ ಒಡೆಯುತ್ತಿದ್ದರು. ಅಯೋಡಿನ್ನೂ HIಯೂ ಕ್ಷಾರ ಹೀರಿಕೊಳ್ಳುತ್ತದೆ. ಉಳಿಯುವುದು ಹೈಡ್ರೋಜನ್, ಅದನ್ನು ನೇರವಾಗಿ ಅಳೆಯಬಹುದು. ನಮ್ಮ ಲೆಕ್ಕದಲ್ಲಿ ಹೀಗೆ ಹೈಡ್ರೋಜನನ್ನೇ ಅಳೆದು, ಅದರಲ್ಲಿ ಶೇಕಡಾ ಒಂದು ತಪ್ಪಾಗಿ 0.00106 ಬಂತು ಅನ್ನಿ. x = 0.00894, HI 0.01788, ಅಯೋಡಿನ್ 0.00606, Kc 49.8. ದೊಡ್ಡದನ್ನು ಅಳೆದು ಚಿಕ್ಕದನ್ನು ಕಳೆದು ಕಂಡುಹಿಡಿಯುವ ಬದಲು, ಚಿಕ್ಕದನ್ನೇ ಅಳೆದದ್ದರಿಂದ ತಪ್ಪು ಉಬ್ಬಲಿಲ್ಲ. ಕೋಷ್ಟಕ ಅದೇ, ಸಾಲುಗಳೂ ಅವೇ. ಗೊತ್ತಿರುವ ಸಂಖ್ಯೆ ಕೂತಿರುವ ಕಾಲಂ ಮಾತ್ರ ಬೇರೆ.

ಕೊನೆಗೆ ಲೀಟರಿನ ವಿಷಯ. ಪಾತ್ರೆ 2 ಲೀಟರಿನದಾಗಿದ್ದು, ಮೋಲುಗಳನ್ನು 2ರಿಂದ ಭಾಗಿಸದೆ ನೇರವಾಗಿ ಕೋಷ್ಟಕಕ್ಕೆ ಹಾಕಿದರೂ ಈ ಕ್ರಿಯೆಯಲ್ಲಿ Kc ಸರಿಯಾಗಿಯೇ ಬರುತ್ತದೆ. ಎರಡೂ ಕಡೆ ಎರಡೆರಡು ಮೋಲ್ ಅನಿಲ ಇರುವುದರಿಂದ ಪಾತ್ರೆಯ ಗಾತ್ರ ಹೊಡೆದುಹೋಗುತ್ತದೆ. ಇದನ್ನು ನಂಬಿಕೊಂಡು N₂O₄ ⇌ 2NO₂ ಲೆಕ್ಕಕ್ಕೂ ಹಾಗೇ ಮಾಡಿದರೆ, ಅದೇ 2 ಲೀಟರ್ ಪಾತ್ರೆಯಲ್ಲಿ Kc ನಿಜವಾದ ಬೆಲೆಯ ಸರಿಯಾಗಿ ಎರಡರಷ್ಟು ಬರುತ್ತದೆ. ಭಾಗಿಸಬೇಕಾದದ್ದು ಮೊದಲ ಸಾಲು ಬರೆಯುವ ಮುಂಚೆ.