ಬಸ್ಕಿಯಲ್ಲಿ ಕೆಳಗಿಳಿಯುವಾಗ ದುಡಿಯುವುದು ಯಾವ ಸ್ನಾಯು?

ಪ್ರಶ್ನೆ: ಸರ್, ಹನ್ನೆರಡನೇ ತರಗತಿ ದೈಹಿಕ ಶಿಕ್ಷಣ ಪರೀಕ್ಷೆಗೆ ಓದಾಕತ್ತೇನ್ರಿ. ಐಸೋಮೆಟ್ರಿಕ್, ಕಾನ್ಸೆಂಟ್ರಿಕ್ ತಿಳೀತು. ಎಕ್ಸೆಂಟ್ರಿಕ್ ಮಾತ್ರ ತಲಿಗೆ ಹತ್ತವಲ್ದು. ಬಸ್ಕಿ ಹೊಡೆಯುವಾಗ ಮ್ಯಾಲೆ ಏಳಾಕ ತೊಡಿ ಮುಂದಿನ ಸ್ನಾಯು, ಕೆಳಗ ಇಳಿಯಾಕ ತೊಡಿ ಹಿಂದಿನ ಸ್ನಾಯು. ಹೌದಲ್ರಿ?
— ಗದಗಿನ ಒಬ್ಬ ವಿದ್ಯಾರ್ಥಿ

ಅಲ್ಲ. ಏಳುವಾಗಲೂ ತೊಡೆ ಮುಂದಿನ ಸ್ನಾಯು, ಇಳಿಯುವಾಗಲೂ ಅದೇ ಸ್ನಾಯು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲ ಒಂದೇ ಉತ್ತರ ಹೇಳುತ್ತೇನೆ, ಆದರೂ ಉತ್ತರಪತ್ರಿಕೆಯಲ್ಲಿ ಮತ್ತೆ ಅದೇ ತಪ್ಪು. ಅದಕ್ಕೇ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಮೊದಲು ಸುಲಭದ ಭಾಗ. ಸ್ನಾಯು ಬಿಗಿಯಾಗಿ ಎಳೆಯುತ್ತಾ ಚಿಕ್ಕದಾದರೆ ಕಾನ್ಸೆಂಟ್ರಿಕ್. ಎಳೆಯುತ್ತಿದ್ದರೂ ಕೀಲು ಅಲುಗದೆ, ಉದ್ದ ಹಾಗೇ ಉಳಿದರೆ ಐಸೋಮೆಟ್ರಿಕ್. ಎಳೆಯುತ್ತಿರುವಾಗಲೇ ಭಾರ ಅದನ್ನು ಉದ್ದ ಮಾಡಿದರೆ ಎಕ್ಸೆಂಟ್ರಿಕ್. ಮೊದಲನೆಯದನ್ನೂ ಮೂರನೆಯದನ್ನೂ ನಿಮ್ಮ ಪುಸ್ತಕ ಐಸೋಟೋನಿಕ್ ಎಂಬ ಒಂದೇ ತಲೆಬರಹದ ಕೆಳಗೆ ಹಾಕಿರುತ್ತದೆ. ಮೂರರಲ್ಲೂ ಸ್ನಾಯು ಎಳೆಯುತ್ತಲೇ ಇರುತ್ತದೆ. ಈ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ.

ಇನ್ನು ಆ ಹಠಮಾರಿ ತಪ್ಪು. ಕೆಳಗೆ ಇಳಿಯುವಾಗ ಮೊಣಕಾಲು ಮಡಚುತ್ತದೆ. ಮೊಣಕಾಲು ಮಡಚುವ ಸ್ನಾಯು ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್. ಹಾಗಾಗಿ ಇಳಿಸುವುದು ಅದೇ ಇರಬೇಕು ಅಂತ ಮಕ್ಕಳು ಲೆಕ್ಕ ಹಾಕುತ್ತಾರೆ. ಕೇಳಲು ಸರಿಯಾಗೇ ಇದೆ, ಅಲ್ವಾ? ಆದರೆ ಇದರಲ್ಲಿ ಒಂದು ದೊಡ್ಡ ವಿಷಯ ಬಿಟ್ಟುಹೋಗಿದೆ: ನಿಮ್ಮ ಮೈಭಾರ. ನಿಂತವನ ಮೊಣಕಾಲು ಸ್ವಲ್ಪ ಮಡಚಿದ ಕೂಡಲೇ ಮೈಭಾರವೇ ಅದನ್ನು ಇನ್ನಷ್ಟು ಮಡಚಲು ನೋಡುತ್ತದೆ. ಕೆಳಗೆ ಹೋಗಲು ಯಾವ ಸ್ನಾಯುವೂ ಎಳೆಯಬೇಕಾಗಿಲ್ಲ. ಬೇಕಾಗಿರುವುದು ಬಿದ್ದುಹೋಗದಂತೆ ತಡೆಯುವುದು. ಮೊಣಕಾಲು ಮಡಚುವುದನ್ನು ತಡೆಯಬಲ್ಲದ್ದು ಅದನ್ನು ನೆಟ್ಟಗೆ ಮಾಡುವ ಸ್ನಾಯು, ಅಂದರೆ ಮುಂದಿನ ಕ್ವಾಡ್ರಿಸೆಪ್ಸ್. ಬಾವಿಗೆ ಕೊಡ ಇಳಿಸುವಾಗ ಹಗ್ಗ ಕೆಳಕ್ಕೆ ಹೋಗುತ್ತಿರುತ್ತದೆ, ನಿಮ್ಮ ಕೈ ಮಾತ್ರ ಮೇಲಕ್ಕೇ ಎಳೆದು ಹಿಡಿದಿರುತ್ತದೆ. ಕ್ವಾಡ್ರಿಸೆಪ್ಸ್ ಮಾಡುವುದೂ ಅದನ್ನೇ.

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಎದ್ದು ನಿಂತು ಎರಡೂ ಅಂಗೈಗಳನ್ನು ತೊಡೆಯ ಮುಂಭಾಗಕ್ಕೆ ಒತ್ತಿ ಇಟ್ಟುಕೊಳ್ಳಿ. ನೆಟ್ಟಗೆ ನಿಂತಾಗ ತೊಡೆ ಮೆತ್ತಗಿರುತ್ತದೆ. ಈಗ ಮೂರು ಸೆಕೆಂಡ್ ತಗೊಂಡು ನಿಧಾನವಾಗಿ ಅರ್ಧಕ್ಕೆ ಇಳಿಯಿರಿ. ಇಳಿಯುತ್ತಾ ಹೋದಂತೆ ತೊಡೆ ಕೈಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದು ಎಕ್ಸೆಂಟ್ರಿಕ್. ಅಲ್ಲೇ ಎರಡು ಸೆಕೆಂಡ್ ನಿಲ್ಲಿ. ತೊಡೆ ಇನ್ನೂ ಗಟ್ಟಿ, ಮೊಣಕಾಲು ಮಾತ್ರ ಅಲುಗುತ್ತಿಲ್ಲ. ಅದು ಐಸೋಮೆಟ್ರಿಕ್. ಈಗ ಏಳಿ. ಅದು ಕಾನ್ಸೆಂಟ್ರಿಕ್. ಒಂದೇ ಬಸ್ಕಿಯಲ್ಲಿ, ಒಂದೇ ಸ್ನಾಯುವಿನಲ್ಲಿ ಮೂರೂ ಸಿಕ್ಕವು.

ಹಾಗಾದರೆ ಹ್ಯಾಮ್‌ಸ್ಟ್ರಿಂಗ್ ಮೊಣಕಾಲು ಮಡಚುವುದು ಯಾವಾಗ? ಚಾಪೆ ಮೇಲೆ ಬೋರಲು ಮಲಗಿ, ಮೊಣಕಾಲಿನ ಕೆಳಗಿನ ಕಾಲು ನೆಟ್ಟಗೆ ನಿಲ್ಲುವವರೆಗೆ ಹಿಮ್ಮಡಿಯನ್ನು ಕುಂಡೆಯ ಕಡೆ ತನ್ನಿ. ಇಲ್ಲಿ ಕಾಲಿನ ಭಾರ ಮಡಚುವುದಕ್ಕೆ ವಿರುದ್ಧ ನಿಂತಿದೆ, ಆದ್ದರಿಂದ ಹ್ಯಾಮ್‌ಸ್ಟ್ರಿಂಗ್ ಚಿಕ್ಕದಾಗುತ್ತಾ ಎಳೆಯುತ್ತದೆ. ಕಾಲನ್ನು ನಿಧಾನವಾಗಿ ವಾಪಸ್ ಇಳಿಸಿದರೆ ಅದೇ ಹ್ಯಾಮ್‌ಸ್ಟ್ರಿಂಗ್ ಎಕ್ಸೆಂಟ್ರಿಕ್ ಆಗುತ್ತದೆ. ಎರಡೂ ಕಡೆ ಮಡಚಿದ್ದು ಮೊಣಕಾಲೇ, ದುಡಿದ ಸ್ನಾಯು ಮಾತ್ರ ಬೇರೆ. ಆದ್ದರಿಂದ ಪರೀಕ್ಷೆಯಲ್ಲಿ ಕೀಲು ಯಾವ ಕಡೆ ಹೋಯಿತು ಎಂಬುದರಿಂದ ಶುರು ಮಾಡಬೇಡಿ. ಭಾರ ಕೀಲನ್ನು ಯಾವ ಕಡೆ ತಿರುಗಿಸಲು ನೋಡುತ್ತಿದೆ ಎಂದು ಮೊದಲು ಕೇಳಿ. ಅದಕ್ಕೆ ಎದುರು ನಿಂತ ಸ್ನಾಯುವನ್ನು ಗುರುತಿಸಿ. ಆಮೇಲೆ ಆ ಸ್ನಾಯು ಚಿಕ್ಕದಾಗುತ್ತಿದೆಯೋ, ಉದ್ದವಾಗುತ್ತಿದೆಯೋ, ಹಾಗೇ ಇದೆಯೋ ನೋಡಿ.

ಕೆಳಗೆ ಹೋದದ್ದೆಲ್ಲ ಎಕ್ಸೆಂಟ್ರಿಕ್ ಅಂತ ಬರೆಯುವವರೂ ಇದ್ದಾರೆ. ಅದೂ ತಪ್ಪು. ವಾಲಿಬಾಲ್ ಸ್ಮ್ಯಾಶ್‌ನಲ್ಲಿ ಕೈ ಕೆಳಗೇ ಬರುತ್ತದೆ. ಆದರೆ ಅಲ್ಲಿ ಎದೆ ಮತ್ತು ಬೆನ್ನಿನ ಸ್ನಾಯುಗಳು ಚಿಕ್ಕದಾಗುತ್ತಾ ಕೈಯನ್ನು ಬೀಸುತ್ತವೆ, ಅದು ಕಾನ್ಸೆಂಟ್ರಿಕ್. ಅದೇ ಆಟಗಾರ ನೆಲಕ್ಕೆ ಇಳಿದು ಮೊಣಕಾಲು ಮಡಚಿ ಮೈ ತಡೆದಾಗ ಕ್ವಾಡ್ರಿಸೆಪ್ಸ್ ಎಕ್ಸೆಂಟ್ರಿಕ್. ಕಬಡ್ಡಿಯಲ್ಲಂತೂ ಮೇಲೆ ಕೆಳಗೆ ಎಂಬ ಮಾತೇ ಇಲ್ಲ. ರೈಡರ್‌ನ ಕಾಲು ಹಿಡಿದ ಡಿಫೆಂಡರ್ ಮೊಣಕೈ ಮಡಚಿ ತನ್ನ ಕಡೆ ಎಳೆಯುತ್ತಿದ್ದಾನೆ ಅಂದುಕೊಳ್ಳಿ. ಇಬ್ಬರ ಬಲವೂ ಸಮ ಇದ್ದು ಯಾರೂ ಅಲುಗದಿದ್ದರೆ ಅವನ ಬೈಸೆಪ್ಸ್ ಐಸೋಮೆಟ್ರಿಕ್. ರೈಡರ್ ಗೆರೆ ಕಡೆ ಜಗ್ಗಿದಂತೆ ಆ ಮೊಣಕೈ ನಿಧಾನಕ್ಕೆ ಬಿಚ್ಚಿಕೊಂಡರೆ ಅದೇ ಬೈಸೆಪ್ಸ್ ಎಕ್ಸೆಂಟ್ರಿಕ್. ಈ ಉದಾಹರಣೆ ಬರೆದವರಿಗೆ ನಾನು ಯಾವತ್ತೂ ಅಂಕ ಕಡಿಮೆ ಮಾಡುವುದಿಲ್ಲ.

ಉತ್ತರ ಬರೆಯುವಾಗ ‘ಬಸ್ಕಿ ಎಕ್ಸೆಂಟ್ರಿಕ್’ ಅಂತ ಎರಡು ಪದ ಗೀಚಿ ಬಿಡಬೇಡಿ. ‘ಬಸ್ಕಿಯಲ್ಲಿ ನಿಧಾನವಾಗಿ ಕೆಳಗಿಳಿಯುವ ಹಂತದಲ್ಲಿ ಮೊಣಕಾಲು ಮಡಚುತ್ತದೆ, ಕ್ವಾಡ್ರಿಸೆಪ್ಸ್ ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತದೆ, ಆದ್ದರಿಂದ ಇದು ಎಕ್ಸೆಂಟ್ರಿಕ್’ ಎಂದು ಬರೆಯಿರಿ. ನಿಧಾನವಾಗಿ ಎಂಬ ಪದ ಬೇಕೇ ಬೇಕು. ಧೊಪ್ಪನೆ ಕುಸಿದರೆ ಸ್ನಾಯು ಹೆಚ್ಚೇನೂ ತಡೆದಿರುವುದಿಲ್ಲ, ಕೊನೆಗೆ ಬ್ರೇಕ್ ಹಾಕುವಾಗಷ್ಟೇ ಅದಕ್ಕೆ ಕೆಲಸ.

ಇಷ್ಟು ಓದಿದ ಮೇಲೆ ಇನ್ನೊಂದು ವಿಷಯ ಹೇಳದೆ ಇರಲಾರೆ. ಕಪ್ಪತಗುಡ್ಡ ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಆರಾಮ. ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದಕ್ಕೆ ಹೆಚ್ಚಿನ ಕಾರಣ ಆ ಇಳಿದದ್ದೇ. ಎಕ್ಸೆಂಟ್ರಿಕ್‌ನಲ್ಲಿ ಸ್ನಾಯು ಜಾಸ್ತಿ ಬಲ ತಡೆಯಬಲ್ಲದು, ಖರ್ಚು ಮಾತ್ರ ಕಡಿಮೆ. 1952ರಲ್ಲಿ ಅಬಾಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಒಂದೇ ಬಲ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ತುಂಬಾ ಕಡಿಮೆ ಇತ್ತು.

ಕಡಿಮೆ ಖರ್ಚಿನಲ್ಲಿ ಜಾಸ್ತಿ ಬಲ ಅಂದರೆ ದುಡಿಯುವ ಒಂದೊಂದು ಎಳೆಯ ಮೇಲೂ ಬೀಳುವ ಹೊರೆ ಹೆಚ್ಚು. ಬಿಗಿಯಾಗಿರುವಾಗಲೇ ಎಳೆಸಿಕೊಂಡ ಎಳೆಗಳಲ್ಲಿ ಕೆಲವಕ್ಕೆ ಸಣ್ಣ ಪೆಟ್ಟಾಗುತ್ತದೆ. ಆ ನೋವು ಕೂಡಲೇ ಬರುವುದಿಲ್ಲ, ಒಂದರಿಂದ ಮೂರು ದಿನದೊಳಗೆ ಏರುತ್ತದೆ. ಇದನ್ನು ಲ್ಯಾಕ್ಟಿಕ್ ಆಮ್ಲದಿಂದ ಬಂದ ನೋವು ಅಂತ ದಯವಿಟ್ಟು ಬರೆಯಬೇಡಿ. ಓಟ ನಿಲ್ಲಿಸಿ ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಒಂದೆರಡು ವಾರ ಬಿಟ್ಟು ಮತ್ತೆ ಅದೇ ಗುಡ್ಡ ಇಳಿದು ನೋಡಿ. ಆ ಸಲ ನೋವು ಕಡಿಮೆ ಇರುತ್ತದೆ, ಏಕೆಂದರೆ ಮೊದಲ ಸಲದ ಪೆಟ್ಟಿಗೆ ಸ್ನಾಯು ಹೊಂದಿಕೊಂಡಿರುತ್ತದೆ.