ಸರಕು ಬೇಡ, ನಷ್ಟವೂ ಬೇಡ: ಬೀಗ ಹಾಕಿದ ಮನೆ ನೋಡಿಕೊಳ್ಳುವ ಕೆಲಸ ಆಗುತ್ತದಾ?

ಪ್ರಶ್ನೆ: ಕೂಡಿಟ್ಟ ದುಡ್ಡು ಹೋದರೆ ಎಂಬ ಭಯ ನನಗೆ. ಮಾಲು ತಂದಿಟ್ಟು ಮಾರುವ ವ್ಯಾಪಾರ ಬೇಡ. ಒಂದು ಸ್ಕೂಟರ್ ಇದೆ. ಉಡುಪಿಯಲ್ಲಿ ಏನು ಮಾಡಬಹುದು?

ಉತ್ತರ: ಟ್ಯೂಷನ್, ಹೊಲಿಗೆ ಅಂತ ಎಲ್ಲರೂ ಹೇಳಿರುತ್ತಾರೆ. ಸಂತೆಕಟ್ಟೆ, ಕಲ್ಯಾಣಪುರ, ಬ್ರಹ್ಮಾವರ ಕಡೆ ಒಮ್ಮೆ ಸುತ್ತಿ ಬನ್ನಿ. ಮನೆಯವರು ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ, ಗೇಟಿಗೆ ಬೀಗ. ಇಂಥ ಮನೆಗಳನ್ನು ತಿಂಗಳಿಗೆ ಎರಡು ಸಲ ನೋಡಿ ಬರುವುದೇ ಕೆಲಸ.

ಸುಮ್ನೆ ಬಾಗಿಲು ತೆಗೆದು ಹಾಕಿದರೆ ಸಾಲದು. ಬೇಸಿಗೆಯಲ್ಲಿ ಬಳಸದ ಬಚ್ಚಲಿನ ಟ್ರ್ಯಾಪ್‌ನಲ್ಲಿ, ಅಂದರೆ ನೀರು ಹೋಗುವ ಜಾಲರಿಯ ಕೆಳಗಿನ ಬಾಗಿದ ಭಾಗದಲ್ಲಿ, ನಿಂತ ನೀರು ಆರಿಹೋಗುತ್ತದೆ. ಆಗ ಪೈಪಿನ ವಾಸನೆ, ಜಿರಳೆ ಎರಡೂ ಒಳಗೆ ಬರುತ್ತವೆ. ಒಂದೊಂದು ಚೊಂಬು ನೀರು ಹಾಕಿದರೆ ಮುಗಿಯಿತು. ಬಾವಿಯ ಪಂಪ್ ಹತ್ತು ನಿಮಿಷ ಓಡಿಸಿ, ಇಲ್ಲದಿದ್ದರೆ ಜಾಮ್ ಆಗುತ್ತದೆ. ಬಾಗಿಲ ದಾರಂದದ ಬುಡದಲ್ಲಿ ಮಣ್ಣಿನ ಗೆರೆ ಎದ್ದಿದ್ದರೆ ಅದು ಗೆದ್ದಲು. ಆ ದಿನವೇ ಫೋಟೊ ಕಳಿಸಿ. ಮೇ ಮುಗಿಯುವ ಮೊದಲು ತಾರಸಿಯ ನೀರು ಇಳಿಯುವ ಪೈಪಿನ ಬಾಯಲ್ಲಿರುವ ತರಗೆಲೆ ತೆಗೆಸಬೇಕು. ನಮ್ಮ ಜೂನ್ ಮಳೆಗೆ ಅದೊಂದು ಕಟ್ಟಿಕೊಂಡರೆ ನೀರು ತಾರಸಿಯಲ್ಲೇ ನಿಂತು ಛಾವಣಿಯಿಂದ ಸೋರಲು ಶುರುವಾಗುತ್ತದೆ.

ಲೆಕ್ಕ ನೋಡೋಣ. ಮನೆಗೆ ತಿಂಗಳಿಗೆ 800 ರೂಪಾಯಿ ಅಂತ ಇಟ್ಟುಕೊಳ್ಳಿ. ಆರು ಮನೆಗೆ 4,800. ದಿನಕ್ಕೆ ಮೂರು ಮನೆಯಂತೆ ತಿಂಗಳಿಗೆ ನಾಲ್ಕು ದಿನದ ಕೆಲಸ. ಮನೆಗಳು ಒಂದೇ ದಾರಿಯಲ್ಲಿದ್ದರೆ ಒಟ್ಟು ನೂರು ಕಿಲೋಮೀಟರ್, ಅಂದರೆ ಎರಡೂವರೆ ಲೀಟರ್ ಪೆಟ್ರೋಲ್. ಇದರಲ್ಲೇ ಸಂಸಾರ ನಡೆಯದು ನಿಜ, ಆದರೆ ಒಬ್ಬರು ಬಿಟ್ಟು ಹೋದರೂ ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ. ದೂರದ ಒಂಟಿ ಮನೆ ಒಪ್ಪಿಕೊಳ್ಳಬೇಡಿ, ಸಿಕ್ಕಿದ್ದು ಪೆಟ್ರೋಲಿಗೇ ಸರಿಹೋಗುತ್ತದೆ.

ದುಡ್ಡು ಹೋಗುವ ದಾರಿ ಇಲ್ಲಿ ಒಂದೇ. "ಪ್ಲಂಬರ್‌ಗೆ ನೀವೇ ಕೊಟ್ಟುಬಿಡಿ, ಬಂದಾಗ ಕೊಡ್ತೇನೆ" ಅನ್ನುತ್ತಾರೆ. ಪರಿಚಯದವರಾದರೆ ಇಲ್ಲ ಅನ್ನಲು ಸಂಕೋಚ, ಅಲ್ವಾ? ಹಾಗೆ ಎರಡು ಮನೆಯಲ್ಲಿ ಎರಡೆರಡು ಸಾವಿರ ನಿಂತರೆ ಆ ತಿಂಗಳ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಪ್ಲಂಬರನ ಫೋನ್ ಪೇ ನಂಬರ್ ಕಳಿಸಿ, ಅವರೇ ಹಾಕಲಿ. ಮೆಸ್ಕಾಂ ಬಿಲ್ಲಿಗೂ ಇದೇ ಕ್ರಮ. ನಿಮ್ಮ ಸಂಬಳ ಮೂರು ತಿಂಗಳದ್ದು ಮುಂಗಡವಾಗಿ ಬರಲಿ.

ಬೀಗದ ಕೈ ತೆಗೆದುಕೊಳ್ಳುವ ದಿನ ಮನೆಯವರು ವಿಡಿಯೊ ಕಾಲ್‌ನಲ್ಲಿರುವಾಗಲೇ ಪ್ರತಿ ಕೋಣೆ ತೋರಿಸಿ, ಏನೇನಿದೆ ಎಂದು ಬರೆದು ವಾಟ್ಸಾಪ್‌ನಲ್ಲಿ ಒಪ್ಪಿಗೆ ಪಡೆಯಿರಿ. ಕಪಾಟಿನ ಕೀ ಮಾತ್ರ ಬೇಡವೇ ಬೇಡ. ಮೊದಲ ಮನೆ ನಿಮ್ಮ ನೆಂಟರದ್ದೇ ಆಗಲಿ, ಆದರೆ ಅವರಿಂದಲೂ ಪೂರ್ತಿ ದುಡ್ಡು ತೆಗೆದುಕೊಳ್ಳಿ.