ಹತ್ತು ಲಕ್ಷ ಉಳಿಯಿತು ಅಂದರೆ ಎಷ್ಟು ಉಳಿಯಿತು?

ನಮ್ಮ ಭಾವ ಶಿರಸಿಯಲ್ಲಿ ಕಾಲೇಜು ಉಪನ್ಯಾಸಕ. ಮನೆ ಕಟ್ಟಿದ ಸಾಲ ಇನ್ನೂ 30 ಲಕ್ಷ ಬಾಕಿ ಇದೆ. ಬಡ್ಡಿ 8.5%, ಇನ್ನು 15 ವರ್ಷ, ತಿಂಗಳ ಕಂತು 29,542 ರೂಪಾಯಿ. ಈ ಸಲ ಊರಿನ ತೋಟದ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಮಾರಿದ ದುಡ್ಡಿನಲ್ಲಿ ಅವನ ಪಾಲಿಗೆ 5 ಲಕ್ಷ ಬಂತು.

"ಸಾಲಕ್ಕೆ ಕಟ್ಟಿಬಿಡ್ತೇನೆ. ಹತ್ತು ಲಕ್ಷ ಬಡ್ಡಿ ಉಳಿಯುತ್ತೆ!" ಅಂದ.

ಅವನು ಹೇಳಿದ ಲೆಕ್ಕ ಸುಳ್ಳಲ್ಲ. ಕಂತು ಅಷ್ಟೇ ಇಟ್ಟುಕೊಂಡು 5 ಲಕ್ಷ ಅಸಲಿಗೆ ಕಟ್ಟಿದರೆ 180 ತಿಂಗಳ ಸಾಲ 130 ತಿಂಗಳಿಗೆ ಮುಗಿಯುತ್ತದೆ. ಕೊನೆಯ 50 ಕಂತು ಪೂರ್ತಿ ತಪ್ಪುತ್ತವೆ, 130ನೆಯ ಕಂತೂ ಸ್ವಲ್ಪ ಇಳಿಯುತ್ತದೆ. ಒಟ್ಟು ಉಳಿಯುವುದು 14.88 ಲಕ್ಷ. ಕಟ್ಟಿದ 5 ಲಕ್ಷ ಕಳೆದರೆ ಹತ್ತಿರ ಹತ್ತಿರ 10 ಲಕ್ಷ.

ತೊಂದರೆ ಇರುವುದು ಬೇರೆ ಕಡೆ. ಆ ಕಂತುಗಳು ತಪ್ಪುವುದು ಸುಮಾರು ಹನ್ನೊಂದನೆಯ ವರ್ಷದಿಂದ ಹದಿನೈದನೆಯ ವರ್ಷದವರೆಗೆ. ದುಡ್ಡು ಹೋಗುವುದು ಇವತ್ತು. ಇವತ್ತಿನ ರೂಪಾಯಿಯನ್ನೂ ಹದಿನೈದು ವರ್ಷದಾಚೆಯ ರೂಪಾಯಿಯನ್ನೂ ಒಂದೇ ಅಂದುಕೊಂಡು ಕೂಡಿ ಕಳೆಯುವುದು, ಹಸಿ ಅಡಿಕೆ ಕ್ವಿಂಟಾಲನ್ನೂ ಚಾಲಿ ಕ್ವಿಂಟಾಲನ್ನೂ ಒಂದೇ ರಾಶಿಗೆ ಸುರಿದು ತೂಗಿದ ಹಾಗೆ. ಮೊದಲು ಎರಡನ್ನೂ ಒಂದೇ ದಿನದ ಬೆಲೆಗೆ ತರಬೇಕು. ಮುಂದೆ ಬರುವ ಅಥವಾ ಉಳಿಯುವ ಪ್ರತಿ ರೂಪಾಯಿಯನ್ನು ಬಡ್ಡಿ ದರದಿಂದ ಹಿಂದಕ್ಕೆ ಭಾಗಿಸಿ ಇಂದಿನ ಬೆಲೆಗೆ ಇಳಿಸುವುದನ್ನೇ ಡಿಸ್ಕೌಂಟ್ ಮಾಡುವುದು ಅನ್ನುತ್ತಾರೆ.

ಬರೀ ಕೊನೆಯ ಕಂತನ್ನು ತೆಗೆದುಕೊಳ್ಳೋಣ. 180ನೆಯ ತಿಂಗಳು ಕಟ್ಟಬೇಕಾದ 29,542 ರೂಪಾಯಿ. 8.5% ದರದಲ್ಲಿ ಅದನ್ನು ಇವತ್ತಿಗೆ ಎಳೆದು ತಂದರೆ 8,292 ರೂಪಾಯಿ ಆಗುತ್ತದೆ. ಈ ಸಂಖ್ಯೆಯನ್ನು ಭಾವ ಮೊದಲೇ ನೋಡಿದ್ದ! ಬ್ಯಾಂಕಿನವರು ಕೊಟ್ಟ ಪಟ್ಟಿಯಲ್ಲಿ ಮುಂದಿನ ಕಂತಿನ ಎದುರು 21,250 ಬಡ್ಡಿಗೆ, 8,292 ಅಸಲಿಗೆ ಅಂತ ಬರೆದಿತ್ತು. ಇದು ಕಾಕತಾಳೀಯ ಅಲ್ಲ. ಇವತ್ತು ಹೆಚ್ಚಿಗೆ 8,292 ಕಟ್ಟಿದರೆ ಸಾಲದ ತುದಿಯಲ್ಲಿರುವ ಒಂದು ಕಂತು ಸರಿಯಾಗಿ ಉದುರಿ ಹೋಗುತ್ತದೆ. ಅಂದರೆ ಬ್ಯಾಂಕು ಕೊನೆಯ ಕಂತನ್ನು ಇವತ್ತು ಅದರ ಇಂದಿನ ಬೆಲೆಗೆ ನಮಗೆ ಮಾರುತ್ತಿದೆ. ಹೀಗೆ ತುದಿಯಿಂದ ಒಂದೊಂದೇ ಕಂತನ್ನು ಕೊಳ್ಳುತ್ತಾ ಬಂದರೆ 5 ಲಕ್ಷಕ್ಕೆ ಐವತ್ತು ಚಿಲ್ಲರೆ ಕಂತು ಸಿಗುತ್ತವೆ. 8.5%ರಲ್ಲಿ ಅವೆಲ್ಲದರ ಇಂದಿನ ಬೆಲೆ ಕೂಡಿದರೆ ಸರಿಯಾಗಿ 5 ಲಕ್ಷ. ಹತ್ತು ಲಕ್ಷದ ಲಾಭ ಎಲ್ಲಿ ಹೋಯಿತು? ಅದು 5 ಲಕ್ಷಕ್ಕೆ ಅಷ್ಟು ವರ್ಷ 8.5% ಬಡ್ಡಿ ಬಂದದ್ದು, ಅಷ್ಟೇ.

ಹಾಗಾದರೆ ಪ್ರಶ್ನೆ ಬದಲಾಯಿತು. ಆ ಕಂತುಗಳನ್ನು ಬ್ಯಾಂಕು 5 ಲಕ್ಷಕ್ಕೆ ಕೊಡುತ್ತಿದೆ. ಬೇರೆ ಅಂಗಡಿಯಲ್ಲಿ ಎಷ್ಟಾಗುತ್ತದೆ?

ಎಫ್‌ಡಿ ನೋಡೋಣ. 7% ಕೊಡುತ್ತದೆ ಅಂದುಕೊಳ್ಳಿ. ಭಾವ 20% ತೆರಿಗೆಯ ಹಂತದಲ್ಲಿದ್ದಾನೆ. ಸೆಸ್ ಸೇರಿ 20.8% ಹೋದರೆ ಕೈಗೆ ಬರುವುದು 5.5%ರ ಆಸುಪಾಸು. ಸಾಲ ತೀರಿಸಿ ಉಳಿಸಿದ ಬಡ್ಡಿಗೆ ಯಾರೂ ತೆರಿಗೆ ಕೇಳುವುದಿಲ್ಲ, ಎಫ್‌ಡಿ ಬಡ್ಡಿಗೆ ಕೇಳುತ್ತಾರೆ. ಬಹಳ ಜನ ಎಡವುವುದು ಇಲ್ಲೇ. ಈ ದರದಲ್ಲಿ ಆ ಐವತ್ತು ಕಂತಿನ ಇಂದಿನ ಬೆಲೆ ತೆಗೆಯಲು ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಸಾಕು:

```
=PV(0.055/12,50,-29542)/(1+0.055/12)^130
```

ಉತ್ತರ ಸುಮಾರು 7.27 ಲಕ್ಷ. 130ನೆಯ ತಿಂಗಳ ಚಿಲ್ಲರೆ ಸೇರಿಸಿದರೆ 7.33 ಲಕ್ಷ. ಅದೇ ಕಂತುಗಳನ್ನು ಎಫ್‌ಡಿಯಿಂದ ಕಟ್ಟಬೇಕಾದರೆ ಇವತ್ತು 7.33 ಲಕ್ಷ ಇಡಬೇಕು. ಬ್ಯಾಂಕಿನಲ್ಲಿ 5 ಲಕ್ಷಕ್ಕೆ ಸಿಗುತ್ತಿದೆ. ನಿಜವಾದ ಲಾಭ ಇವತ್ತಿನ ದುಡ್ಡಿನಲ್ಲಿ 2.33 ಲಕ್ಷ. ಹತ್ತು ಲಕ್ಷ ಅಲ್ಲ, ಆದರೆ ಸುಮ್ನೆ ಬಿಡುವ ಮೊತ್ತವೂ ಅಲ್ಲ. ತೆರಿಗೆಯೇ ಇಲ್ಲದವರಿಗೆ 7%ರಲ್ಲಿ ಲೆಕ್ಕ ಹಾಕಿದರೆ ಸುಮಾರು 6 ಲಕ್ಷ ಬರುತ್ತದೆ. ಅವರಿಗೂ ಸಾಲ ತೀರಿಸುವುದೇ ವಾಸಿ, ಲಾಭ ಮಾತ್ರ ಕಡಿಮೆ.

ಭಾವನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಫೋನಿನಲ್ಲಿ ಅವನ ವಾದ ಬೇರೆ. "ಇಂಡೆಕ್ಸ್ ಫಂಡಿಗೆ ಹಾಕಣ್ಣ, ಹನ್ನೊಂದು ಪರ್ಸೆಂಟ್ ಬರುತ್ತೆ." ಸರಿ, ಮೇಲಿನ ಸಾಲಿನಲ್ಲಿ 0.055 ತೆಗೆದು 0.11 ಹಾಕಿದೆವು. ಚಿಲ್ಲರೆ ಸೇರಿ 3.64 ಲಕ್ಷ ಬಂತು. ಅವನ ಪ್ರಕಾರ 3.64 ಲಕ್ಷದ ಮಾಲಿಗೆ ನಾವು 5 ಲಕ್ಷ ಕೊಡುತ್ತಿದ್ದೇವೆ, 1.36 ಲಕ್ಷ ನಷ್ಟ.

ಲೆಕ್ಕ ಸರಿ. ಆದರೆ ಆ ದರವನ್ನು ಅಲ್ಲಿ ಹಾಕಿದ್ದು ಸರಿಯಾ? ಮಳೆಗಾಲಕ್ಕೆ ಮುಂಚೆ ಮರದ ಮೇಲಿನ ಫಸಲನ್ನು ಗುತ್ತಿಗೆ ಹಿಡಿಯುವವನು ಏನು ಮಾಡುತ್ತಾನೆ? ಕೊಳೆ ರೋಗ ಬರಬಹುದು, ದರ ಬೀಳಬಹುದು ಅಂತ ಬೆಲೆ ಇಳಿಸಿಯೇ ಕೇಳುತ್ತಾನೆ. ಅದೇ ಮನುಷ್ಯ ಒಣಗಿಸಿ ಚೀಲ ತುಂಬಿದ ಅಡಿಕೆಗೆ ಆ ಬೆಲೆ ಕೇಳಿದರೆ ನಾವು ನಕ್ಕು ಕಳಿಸುತ್ತೇವೆ. ಇಂಡೆಕ್ಸ್ ಫಂಡಿನ ದುಡ್ಡು ಹೋಗುವುದು ಷೇರಿಗೆ. ಷೇರು ಮರದ ಮೇಲಿನ ಫಸಲು. ತಪ್ಪುವ ಕಂತು ಚೀಲದಲ್ಲಿರುವ ಅಡಿಕೆ. ಮಾರುಕಟ್ಟೆ ಏಳಲಿ ಬೀಳಲಿ ಕಂತು ಕಟ್ಟಲೇಬೇಕು, ಆದ್ದರಿಂದ ಅದು ತಪ್ಪಿದರೆ ಆಗುವ ಉಳಿತಾಯವೂ ಅಷ್ಟೇ ಖಚಿತ. ಖಚಿತವಾದದ್ದಕ್ಕೆ ಖಚಿತವಾದ ದರ ಹಾಕಬೇಕು: ಎಫ್‌ಡಿ, ಪಿಪಿಎಫ್, ಸರ್ಕಾರಿ ಬಾಂಡು ಇಂಥವುಗಳದ್ದು. ಹನ್ನೊಂದು ಪರ್ಸೆಂಟಿನಲ್ಲಿ ಒಂದು ಪಾಲು ಅಪಾಯ ಹೊತ್ತದ್ದಕ್ಕೆ ಸಿಗುವ ಕೂಲಿ. ಷೇರು ಬೇಡ ಅಂತಲ್ಲ. ಹದಿನೈದು ವರ್ಷ ಏರಿಳಿತ ತಡೆಯುವ ಗುಂಡಿಗೆ ಇದ್ದರೆ ಹಾಕಲಿ. ಆದರೆ ಅದನ್ನು "ಸಾಲ ತೀರಿಸುವುದಕ್ಕಿಂತ ಲಾಭ" ಅಂತ ಕರೆಯದೆ "ಸಾಲ ಇಟ್ಟುಕೊಂಡು ಷೇರು ಕೊಳ್ಳುತ್ತಿದ್ದೇನೆ" ಅಂತಲೇ ಕರೆಯಲಿ, ಅಲ್ವಾ?

ಇನ್ನೊಂದು ಮಾತು ಎಲ್ಲ ಕಡೆ ಕೇಳುತ್ತೇವೆ: ಬಡ್ಡಿಯೆಲ್ಲ ಮೊದಲ ವರ್ಷಗಳಲ್ಲೇ ಹೋಗುತ್ತದೆ, ಕೊನೆಯಲ್ಲಿ ತೀರಿಸಿ ಏನು ಪ್ರಯೋಜನ ಅಂತ. ಡಿಸ್ಕೌಂಟ್ ಮಾಡಿ ನೋಡಿದರೆ ಇದು ನಿಲ್ಲುವುದಿಲ್ಲ. ಮೊದಲ ವರ್ಷ ಕಟ್ಟಿದ ರೂಪಾಯಿಗೂ ಹದಿಮೂರನೆಯ ವರ್ಷ ಕಟ್ಟಿದ ರೂಪಾಯಿಗೂ ಸಿಗುವುದು ಅದೇ 8.5%. ಕೊನೆಯಲ್ಲಿ ಉಳಿಯುವ ಮೊತ್ತ ಸಣ್ಣದಾಗಿ ಕಾಣುವುದು ಬಡ್ಡಿ ಬೆಳೆಯಲು ವರ್ಷಗಳು ಕಡಿಮೆ ಇರುವುದರಿಂದ.

ನಮ್ಮ ಲೆಕ್ಕಕ್ಕೂ ಎರಡು ಕಡೆ ತೂತು ಇದೆ. ಒಂದು, ಸಾಲ ಫ್ಲೋಟಿಂಗ್ ದರದ್ದು. ರಿಸರ್ವ್ ಬ್ಯಾಂಕು ರೆಪೊ ಇಳಿಸಿ ಸಾಲ 7.5%ಕ್ಕೆ ಬಂದರೆ, ಕಟ್ಟಿದ 5 ಲಕ್ಷದ ಗಳಿಕೆಯೂ ಅಲ್ಲಿಂದ ಮುಂದೆ 7.5%. ಎಫ್‌ಡಿಯಾದರೆ ಅವಧಿ ಮುಗಿಯುವವರೆಗೆ ದರ ಅಲುಗುವುದಿಲ್ಲ. ಆದರೂ ಮುಂಚೆ ಕಟ್ಟಿದ್ದಕ್ಕೆ ಫ್ಲೋಟಿಂಗ್ ಮನೆ ಸಾಲದಲ್ಲಿ ದಂಡ ಇಲ್ಲ, ಅದೊಂದು ಸಮಾಧಾನ.

ಎರಡನೆಯದು ದೊಡ್ಡದು. ಸಾಲಕ್ಕೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಆಸ್ಪತ್ರೆಯ ಖರ್ಚು ಬಂದು ಪರ್ಸನಲ್ ಲೋನ್ ಎತ್ತಿದರೆ ಅದರ ಬಡ್ಡಿ ಮನೆ ಸಾಲಕ್ಕಿಂತ ಎಷ್ಟೋ ಜಾಸ್ತಿ, ಆ 2.33 ಲಕ್ಷ ಕರಗಲು ಹೊತ್ತು ಬೇಡ. ಮೇಲಿನ ಸೂತ್ರದಲ್ಲಿ ಈ ಭಯಕ್ಕೆ ಜಾಗ ಇಲ್ಲ.

ಅದಕ್ಕೇ ಭಾವ ಆರು ಕಂತಿಗೆ ಸಾಕಾಗಿ ಸ್ವಲ್ಪ ಮಿಗುವಷ್ಟು, 2 ಲಕ್ಷ, ಎಫ್‌ಡಿಯಲ್ಲಿ ಇಟ್ಟ. 3 ಲಕ್ಷದ ಚೆಕ್ಕು ಹಿಡಿದು ಇಬ್ಬರೂ ಬ್ಯಾಂಕಿಗೆ ಹೋದೆವು. "ಕಂತು ಇಳಿಸೋದಾ, ಅವಧಿ ಇಳಿಸೋದಾ ಸರ್?" ಅಂತ ಕೌಂಟರಿನಲ್ಲಿದ್ದವರು ಕೇಳಿದರು. ಅವಧಿ ಅಂದ. ಹೊಸ ಪಟ್ಟಿಯ ಕೊನೆಯ ಸಾಲಿನಲ್ಲಿ 180 ಇದ್ದ ಜಾಗದಲ್ಲಿ 148 ಅಂತ ಬಂತು.